ತತ್ತಿ ಬಚ್ಚಿಟ್ಟ ಹುಡುಗನಿಗೆ ಏನು ಹೇಳಬೇಕು? ಮಕ್ಕಳ ನೀತಿಬುದ್ಧಿಯ ಹಂತಗಳು ಮತ್ತು ಶಿಕ್ಷಕರ ಕೆಲಸ

ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿ ಬರೆದ ಯಾರನ್ನು ಕೇಳಿದರೂ ಅಮೆರಿಕದ ಮನೋವಿಜ್ಞಾನಿ ಕೋಲ್‌ಬರ್ಗ್ ಗುರುತಿಸಿದ ನೀತಿಬುದ್ಧಿಯ ಆರು ಹಂತಗಳನ್ನು ಕಣ್ಣುಮುಚ್ಚಿ ಹೇಳುತ್ತಾರೆ. ಆದರೆ ಬಿಸಿಯೂಟದ ಹೊತ್ತಿಗೆ ಒಂದು ತತ್ತಿ ಕಡಿಮೆ ಬಿದ್ದರೆ ಆ ಆರರಲ್ಲಿ ಒಂದೂ ನೆನಪಾಗುವುದಿಲ್ಲ. ‘ಯಾರು ತಗೊಂಡೋರು? ಮುಂದ ಬರ್ರಿ’ ಎಂಬ ಗದರಿಕೆಯಲ್ಲೇ ವಿಷಯ ಮುಗಿಯುತ್ತದೆ. ಕೊಪ್ಪಳ, ರಾಯಚೂರು ಕಡೆಯ ಶಾಲೆಗಳಲ್ಲಿ ಇದನ್ನು ನೋಡಿ ನೋಡಿ ಬೇಸತ್ತು ಈ ಲೇಖನ ಬರೆಯುತ್ತಿದ್ದೇನೆ. ಒಂದೇ ಪ್ರಸಂಗವನ್ನು ಹಿಡಿದು, ಅದನ್ನು ಯಾವ ವಯಸ್ಸಿನ ಮಕ್ಕಳ ಜೊತೆ ಹೇಗೆ ನಡೆಸಬೇಕು ಎಂಬುದನ್ನು ಹೇಳುತ್ತೇನೆ.

ಪ್ರಸಂಗ ಹೀಗಿದೆ. ಐದನೇ ತರಗತಿಯ ಹುಡುಗನೊಬ್ಬ ತನ್ನ ಪಾಲಿನ ತತ್ತಿ ತಿಂದು, ಮತ್ತೆ ಸಾಲಿನಲ್ಲಿ ನಿಂತು ಇನ್ನೊಂದು ಪಡೆದು ಪಾಟೀಚೀಲಕ್ಕೆ ಹಾಕಿಕೊಂಡ. ಅವ್ವ ಮೆಣಸಿನಕಾಯಿ ಬಿಡಿಸಲು ಹೋಗಿದ್ದಾಳೆ, ನಾಲ್ಕು ವರ್ಷದ ತಂಗಿ ಮನೆಯಲ್ಲಿದ್ದಾಳೆ, ತತ್ತಿ ಅವಳಿಗೆ. ಸಾಲಿನ ಕೊನೆಗೆ ನಿಂತಿದ್ದ ಮೂರನೇ ತರಗತಿಯ ಹುಡುಗಿಗೆ ತತ್ತಿ ಸಿಗಲಿಲ್ಲ. ತರಗತಿಯ ಲೀಡರ್ ಓಡಿಬಂದು ಹೇಳಿದ: ‘ಸರ, ಅಂವ ತತ್ತಿ ಕದ್ದಾನ್ರಿ.’

ಮೊದಲು: ‘ಯಾರು’ ಬಿಡಿ, ‘ಯಾಕೆ’ ಕೇಳಿ

ಮಗು ತಪ್ಪು ಎಂದಿತೋ ಸರಿ ಎಂದಿತೋ ಎನ್ನುವುದರಿಂದ ಅದರ ಹಂತ ತಿಳಿಯುವುದಿಲ್ಲ. ತಪ್ಪು ಎನ್ನಲು ಅದು ಕೊಡುವ ಕಾರಣದಿಂದ ತಿಳಿಯುತ್ತದೆ. ಇದು ಕೋಲ್‌ಬರ್ಗ್‌ನ ಇಡೀ ಕೆಲಸದ ತಿರುಳು. ಆತ ತನ್ನ 1958ರ ಸಂಶೋಧನೆಯಲ್ಲಿ ಷಿಕಾಗೋ ಕಡೆಯ 10ರಿಂದ 16 ವರ್ಷದ ಹುಡುಗರ ಮುಂದೆ ಇಕ್ಕಟ್ಟಿನ ಕಥೆಗಳನ್ನಿಟ್ಟು, ಅವರ ತೀರ್ಪಿಗಿಂತ ಅದರ ಹಿಂದಿನ ವಾದವನ್ನು ತೂಗಿದ.

ನಮ್ಮ ತತ್ತಿಯ ಕಥೆಯನ್ನೇ ಮಕ್ಕಳ ಮುಂದಿಟ್ಟರೆ ಬರುವ ಮಾತುಗಳು ಸುಮಾರಾಗಿ ಹೀಗಿರುತ್ತವೆ. ‘ಸರ್ ಬೈತಾರ, ಅದಕ್ಕ ತಪ್ಪು’ ಎಂದರೆ ಶಿಕ್ಷೆಯ ಭಯದ ಹಂತ. ‘ಅಂವ ನನಗ ಪೆನ್ ಕೊಟ್ಟಿದ್ದ, ನಾ ಅವನ ಹೆಸರು ಹೇಳಂಗಿಲ್ಲ’ ಎಂದರೆ ಕೊಡು-ಕೊಳ್ಳುವ ಲೆಕ್ಕದ ಹಂತ. ‘ತಂಗಿ ಮ್ಯಾಲ ಪ್ರೀತಿ ಐತ್ರಿ, ಅಂವ ಕೆಟ್ಟಾಂವಲ್ಲ’ ಎಂದರೆ ಒಳ್ಳೆಯವನೆನ್ನಿಸಿಕೊಳ್ಳುವ, ಸಂಬಂಧ ನೋಡುವ ಹಂತ. ‘ಎಲ್ಲಾರೂ ಎರಡೆರಡು ತಗೊಂಡ್ರ ಕಡೀಗೆ ನಿಂತೋರಿಗೆ ಏನು ಉಳೀತದ್ರಿ?’ ಎಂದರೆ ಎಲ್ಲರಿಗೂ ಒಂದೇ ಕಟ್ಟಳೆ ಬೇಕೆಂದು ಅರಿತ ಹಂತ. ಕಟ್ಟಳೆಯನ್ನೂ ಮೀರಿ ಹಕ್ಕು, ತತ್ವಗಳನ್ನು ನೋಡುವ ಐದು ಮತ್ತು ಆರನೇ ಹಂತಗಳನ್ನು ಪ್ರಾಥಮಿಕ ಶಾಲೆಯಲ್ಲಿ ಹುಡುಕಲು ಹೋಗಬೇಡಿ. ದೊಡ್ಡವರಲ್ಲೂ ಅವು ಅಪರೂಪ.

ಒಂದೇ ತರಗತಿಯಲ್ಲಿ ಮೂರು ಹಂತದ ಮಕ್ಕಳು ಕೂತಿರುತ್ತಾರೆ. ಆದ್ದರಿಂದ ವಯಸ್ಸು ನೋಡಿ ಹಂತ ಬರೆದುಕೊಳ್ಳುವ ಚೆಕ್‌ಲಿಸ್ಟ್‌ಗಳನ್ನು ಪಕ್ಕಕ್ಕಿಡಿ.

ಒಂದರಿಂದ ಮೂರನೇ ತರಗತಿ

ಸ್ವಿಸ್ ಮನೋವಿಜ್ಞಾನಿ ಪಿಯಾಜೆ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಎರಡು ಕಥೆ ಹೇಳಿದ. ಒಬ್ಬ ಹುಡುಗ ಬಾಗಿಲು ತಳ್ಳಿದಾಗ, ಹಿಂದಿದ್ದ 15 ಕಪ್ಪುಗಳು ಅವನಿಗೆ ತಿಳಿಯದೆಯೇ ಒಡೆದವು. ಇನ್ನೊಬ್ಬ ಕದ್ದು ಜಾಮ್ ತೆಗೆಯಲು ಹೋಗಿ ಒಂದು ಕಪ್ಪು ಒಡೆದ. ಯಾರದು ದೊಡ್ಡ ತಪ್ಪು? ಸಣ್ಣ ಮಕ್ಕಳಲ್ಲಿ ಬಹಳಷ್ಟು ಮಂದಿ 15 ಒಡೆದವನದೇ ಎಂದರು. ಅವರಿಗೆ ಕಾಣುವುದು ಹಾನಿಯ ಪ್ರಮಾಣ. ಉದ್ದೇಶ ಕಾಣಲು ಇನ್ನೂ ಕೆಲವು ವರ್ಷ ಬೇಕು.

ಹಾಗಾಗಿ ಈ ತರಗತಿಗಳಲ್ಲಿ ಉಪನ್ಯಾಸ ಬೇಡ. ತತ್ತಿ ಸಿಗದ ಹುಡುಗಿಯನ್ನು ತೋರಿಸಿ, ‘ನೋಡು, ಅಕಿಗೆ ಇವತ್ತು ತತ್ತಿ ಇಲ್ಲ, ಹೊಟ್ಟಿ ಹಸಿದದ’ ಎಂದರೆ ಸಾಕು. ಪರಿಣಾಮ ಕಣ್ಣಿಗೆ ಕಾಣಬೇಕು, ಉದ್ದೇಶವನ್ನು ನೀವು ಬಾಯಿಬಿಟ್ಟು ಹೇಳಬೇಕು: ‘ಅಂವ ಬೇಕಂತ ತಳ್ಳಿಲ್ಲ, ಕಾಲು ಜಾರಿತು.’ ಇದನ್ನು ದಿನದಲ್ಲಿ ನಾಲ್ಕು ಸಲ ಹೇಳುವ ಅವಕಾಶ ಸಿಗುತ್ತದೆ.

ಸಣ್ಣ ಮಕ್ಕಳಿಗೆ ಭಯ ಬಿಟ್ಟರೆ ಏನೂ ತಿಳಿಯದು ಎಂದುಕೊಳ್ಳುವುದೂ ತಪ್ಪು. ಅಮೆರಿಕದ ಮನೋವಿಜ್ಞಾನಿ ಎಲಿಯಟ್ ಟ್ಯೂರಿಯಲ್ ಮತ್ತು ಅವರ ಸಂಗಡಿಗರು ತೋರಿಸಿದಂತೆ, ಶಾಲೆಗೆ ಸೇರುವ ಮೊದಲಿನ ಮಕ್ಕಳೂ ಕಟ್ಟಳೆಗೂ ನೋವಿಗೂ ಇರುವ ಭೇದ ಬಲ್ಲರು. ನೀವೇ ಪರೀಕ್ಷಿಸಿ. ‘ಟೀಚರ್ ಹೂಂ ಅಂದ್ರ ಸಮವಸ್ತ್ರ ಇಲ್ದ ಬರಬಹುದಾ?’ ಎಂದು ಕೇಳಿದರೆ ಬರಬಹುದು ಎನ್ನುತ್ತಾರೆ. ‘ಟೀಚರ್ ಹೂಂ ಅಂದ್ರ ಗೆಳೆಯನಿಗೆ ಹೊಡೀಬಹುದಾ?’ ಎಂದರೆ ತುಂಬ ಮಕ್ಕಳು ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ಟೈ ಮರೆತವನಿಗೂ ಗೆಳೆಯನಿಗೆ ಹೊಡೆದವನಿಗೂ ಒಂದೇ ದನಿಯಲ್ಲಿ ಗದರಿಸಿದರೆ, ಮಗುವಿಗೆ ಆಗಲೇ ಗೊತ್ತಿರುವ ಈ ಭೇದವನ್ನು ನಾವೇ ಅಳಿಸಿದಂತಾಗುತ್ತದೆ.

ನಾಲ್ಕರಿಂದ ಏಳನೇ ತರಗತಿ: ಕೆಡುವುದೆಲ್ಲ ಇಲ್ಲೇ

ಸುಮಾರು ಒಂಬತ್ತು-ಹತ್ತರ ಹೊತ್ತಿಗೆ ಮಕ್ಕಳು ಉದ್ದೇಶ ನೋಡತೊಡಗುತ್ತಾರೆ. ಗೋಲಿ ಆಟದ ನಿಯಮವನ್ನು ಎಲ್ಲರೂ ಒಪ್ಪಿದರೆ ಬದಲಿಸಬಹುದು ಎಂದೂ ತಿಳಿಯುತ್ತಾರೆ. ಪಿಯಾಜೆ ಇದನ್ನು ಗೋಲಿ ಆಡುವ ಹುಡುಗರ ಜೊತೆಯಲ್ಲೇ ಕೂತು ಕಂಡುಕೊಂಡಿದ್ದು. ದೊಡ್ಡವರ ಅಪ್ಪಣೆಯ ನೀತಿಯಿಂದ ಓರಗೆಯವರ ಒಪ್ಪಂದದ ನೀತಿಗೆ ಮಗು ಈಗ ದಾಟುತ್ತಿರುತ್ತದೆ. ಈ ದಾಟುವಿಕೆಗೆ ಬೇಕಾದ್ದು ಚರ್ಚೆ. ಸಂಶೋಧಕ ಮೋಶೆ ಬ್ಲಾಟ್ ಮತ್ತು ಕೋಲ್‌ಬರ್ಗ್ 1975ರಲ್ಲಿ ಪ್ರಕಟಿಸಿದ ಕೆಲಸ ಇದನ್ನೇ ಹೇಳುತ್ತದೆ: ತಮಗಿಂತ ಒಂದು ಹಂತ ಮೇಲಿನ ಕಾರಣಗಳನ್ನು ತರಗತಿಯ ಚರ್ಚೆಯಲ್ಲಿ ಕೇಳುತ್ತ ಹೋದ ಮಕ್ಕಳಲ್ಲಿ ಒಂದಷ್ಟು ಮಂದಿ ಮುಂದೆ ಸರಿದರು. ಒಂದೇ ಹಂತ ಮೇಲೆ, ಮೂರು ಹಂತವಲ್ಲ. ಭಯದ ಹಂತದ ಮಗುವಿಗೆ ಮಾನವ ಹಕ್ಕಿನ ಮಾತಾಡಿದರೆ ಅದು ತಲೆ ಮೇಲೇ ಹಾದುಹೋಗುತ್ತದೆ.

ಚರ್ಚೆಗೆ ಮೂವತ್ತು ನಿಮಿಷ ಬೇಕು. ತತ್ತಿಯ ಘಟನೆ ನಡೆದ ದಿನವೇ ಮಾಡಬೇಡಿ. ನಾಲ್ಕೈದು ದಿನ ಬಿಟ್ಟು, ತತ್ತಿಯ ಬದಲು ಬಾಳೆಹಣ್ಣೋ ಚಿಕ್ಕಿಯೋ ಮಾಡಿ, ಊರು ಹೆಸರು ಬದಲಿಸಿ ಹೇಳಿ. ಇಲ್ಲದಿದ್ದರೆ ಎಲ್ಲ ಕಣ್ಣುಗಳೂ ಆ ಹುಡುಗನ ಮೇಲೆ ನಿಲ್ಲುತ್ತವೆ, ಚರ್ಚೆ ಪಂಚಾಯ್ತಿಯಾಗುತ್ತದೆ.

ಕಥೆಯನ್ನು ಹುಡುಗ ಎರಡನೇ ಸಲ ಸಾಲಿಗೆ ನಿಲ್ಲುವ ಕ್ಷಣಕ್ಕೆ ನಿಲ್ಲಿಸಿ. ‘ನಿಲ್ಲಬೇಕೋ ಬ್ಯಾಡೋ?’ ಎಂದು ಕೇಳಿ. ಬಾಯಿಂದ ಉತ್ತರ ಬರುವ ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ಹೌದು ಅಥವಾ ಇಲ್ಲ ಎಂದು ಬರೆಯಲಿ. ಕೈ ಎತ್ತಿಸಿದರೆ ಮುಂದಿನ ಬೆಂಚಿನ ಜಾಣನ ಕೈ ನೋಡಿ ಉಳಿದವು ಏಳುತ್ತವೆ. ಆಮೇಲೆ ಕಾರಣ ಕೇಳಿ, ಕಾರಣಗಳನ್ನಷ್ಟೇ ಬೋರ್ಡಿನ ಮೇಲೆ ಬರೆಯಿರಿ. ಯಾರ ಹೆಸರೂ ಬೇಡ, ಸರಿ-ತಪ್ಪಿನ ಗುರುತೂ ಬೇಡ.

ಕಷ್ಟ ಇರುವುದು ಮುಂದಿನ ಹತ್ತು ನಿಮಿಷದಲ್ಲಿ. ಬೋರ್ಡಿನಲ್ಲಿ ಹೆಚ್ಚು ಕಾರಣಗಳು ಎಲ್ಲಿವೆ ಎಂದು ನೋಡಿ. ಹೆಚ್ಚಿನವು ‘ಸಿಕ್ಕಿಬಿದ್ರ ಹೊಡೀತಾರ’ ಎಂಬಂಥವಾದರೆ, ‘ಯಾರೂ ನೋಡಲಿಲ್ಲ ಅಂತ ತಿಳ್ಕೋರಿ, ಆಗ?’ ಎಂದು ಕೇಳಿ. ಭಯದ ಕಾರಣ ಅಲ್ಲಿಗೆ ಕುಸಿಯುತ್ತದೆ, ಮಕ್ಕಳು ಬೇರೆ ಕಾರಣ ಹುಡುಕುತ್ತಾರೆ. ಹೆಚ್ಚಿನವು ‘ತಂಗಿಗೆ ಪಾಪ’ ಎಂದಿದ್ದರೆ, ‘ಕಡೀಗೆ ನಿಂತ ಹುಡುಗಿಯೂ ಯಾರಿಗೋ ತಂಗಿ, ಅಕಿ ಅಣ್ಣ ಏನಂತಾನ?’ ಎಂದು ಕೇಳಿ. ಮೇಲಿನ ಹಂತದ ಕಾರಣ ಹೇಳಿದ ಮಗು ತರಗತಿಯಲ್ಲೇ ಇದ್ದರೆ ನೀವು ಸುಮ್ಮನಿದ್ದು, ಅದೇ ಮಗುವಿನಿಂದ ಮತ್ತೊಮ್ಮೆ ಹೇಳಿಸಿ. ಓರಗೆಯವರ ಬಾಯಿಂದ ಬಂದ ಕಾರಣಕ್ಕೆ ಮಕ್ಕಳು ಎದುರು ವಾದಿಸುತ್ತಾರೆ, ನಿಮ್ಮ ಬಾಯಿಂದ ಬಂದಿದ್ದನ್ನು ಬರೆದುಕೊಂಡು ಸುಮ್ಮನಾಗುತ್ತಾರೆ.

‘ಮೊದ್ಲು ಅಡಗಿ ಅಕ್ಕೋರನ್ನ ಕೇಳಬೇಕಿತ್ತು, ತಂಗಿಗೆ ಏನಾದ್ರೂ ಕೊಡ್ತಿದ್ರು’ ಎಂದು ಯಾವುದಾದರೂ ಮಗು ಎರಡೂ ಪಕ್ಷ ಬಿಟ್ಟು ಮೂರನೇ ದಾರಿ ಹೇಳಿದರೆ ‘ಕೇಳಿದ್ದಕ್ಕೆ ಉತ್ತರ ಹೇಳು’ ಎಂದು ತಳ್ಳಿಹಾಕಬೇಡಿ. ಕೋಲ್‌ಬರ್ಗ್‌ನ ಮೊದಲ ಅಧ್ಯಯನದಲ್ಲಿ ಹುಡುಗರಷ್ಟೇ ಇದ್ದರು. ಕಾಳಜಿಯ ನೆಲೆಯಿಂದ ಹೊರಡುವ ವಾದಕ್ಕೆ ಆ ಮೆಟ್ಟಿಲುಗಳಲ್ಲಿ ಸರಿಯಾದ ಜಾಗ ಸಿಗಲಿಲ್ಲ ಎಂದು ಮನೋವಿಜ್ಞಾನಿ ಕ್ಯಾರಲ್ ಗಿಲಿಗನ್ 1982ರಲ್ಲಿ ಎತ್ತಿದ ಆಕ್ಷೇಪ ಇಂಥ ಉತ್ತರಗಳ ಬಗ್ಗೆಯೇ.

ಕೊನೆಗೆ ತೀರ್ಪು ಕೊಡಬೇಡಿ. ‘ಹಾಗಾದರೆ ಮಕ್ಕಳೇ, ಈ ಕಥೆಯ ನೀತಿ ಏನೆಂದರೆ...’ ಎಂದು ಶುರು ಮಾಡಿದರೆ ಮೂವತ್ತು ನಿಮಿಷವೂ ವ್ಯರ್ಥ. ಮುಂದಿನ ಸಲ ಮಕ್ಕಳು ಯೋಚಿಸುವುದಿಲ್ಲ, ನಿಮ್ಮ ಕೊನೆಯ ವಾಕ್ಯಕ್ಕೆ ಕಾಯುತ್ತಾರೆ. ‘ನೀತಿ: ________’ ಎಂದು ಖಾಲಿ ಜಾಗ ಬಿಟ್ಟ ಮೌಲ್ಯಶಿಕ್ಷಣದ ಪುಸ್ತಕಗಳು ಮಾಡುವುದೂ ಇದನ್ನೇ. ಅವಕ್ಕೆ ದುಡ್ಡು ಹಾಕುವ ಬದಲು ಶಾಲೆಗೆ ಗೋಲಿಯನ್ನೋ ಚೌಕಾಬಾರದ ಹಾಸನ್ನೋ ತಂದಿಡಿ.

ಚರ್ಚೆ ಕೆಟ್ಟಿದೆ ಎಂದು ತಿಳಿಯುವುದು ಸುಲಭ. ಮಾತಾಡುವ ಮೊದಲು ಮಕ್ಕಳು ನಿಮ್ಮ ಮುಖ ನೋಡುತ್ತಿದ್ದರೆ, ‘ಕಳ್ಳತನ ಮಹಾಪಾಪ’ ಎಂಬ ಗ್ರಾಂಥಿಕ ವಾಕ್ಯಗಳು ಬರುತ್ತಿದ್ದರೆ ಕೆಟ್ಟಿದೆ. ಮನೆಮಾತಿನಲ್ಲಿ, ಒಬ್ಬರನ್ನೊಬ್ಬರು ನೋಡುತ್ತ ಜಗಳಕ್ಕಿಳಿದಿದ್ದರೆ ಸರಿಯಾಗಿ ನಡೆದಿದೆ.

ಇಲ್ಲಿಯೇ ಇನ್ನೊಂದು ಮಾತು. ಶಿಕ್ಷಕರು ಹೊರಗೆ ಹೋಗುವಾಗ ‘ಮಾತಾಡಿದೋರ ಹೆಸರು ಬೋರ್ಡಿನ ಮ್ಯಾಲ ಬರಿ’ ಎಂದು ಲೀಡರ್‌ಗೆ ಹೇಳುವ ಪದ್ಧತಿಯನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ಹೆಸರು ಬರೆಯಿಸಿಕೊಳ್ಳುವವರು ಭಯದ ಹಂತದಲ್ಲೇ ಉಳಿಯುತ್ತಾರೆ. ಬರೆಯುವವನು ಹೆಸರು ಅಳಿಸಲು ಬಳಪ, ಬಾರೆಹಣ್ಣು ಇಸಿದುಕೊಳ್ಳಲು ಕಲಿಯುತ್ತಾನೆ. ಓರಗೆಯವರ ನಡುವಿನ ಒಪ್ಪಂದ ಬೆಳೆಯಬೇಕಾದ ವಯಸ್ಸಿನಲ್ಲಿ ಅವರೊಳಗೊಬ್ಬ ಪೊಲೀಸನನ್ನು ನಿಲ್ಲಿಸಿದ ಹಾಗಾಗುತ್ತದೆ.

ಆ ಹುಡುಗನಿಗೆ

ಹೊಡೆಯುವುದು, ಅಂಗಳದಲ್ಲಿ ನಿಲ್ಲಿಸುವುದು, ‘ಕಳ್ಳ’ ಎಂದು ಕರೆಯುವುದು ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಮಿನ ಪ್ರಕಾರ ನಿಷಿದ್ಧ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡೂ ಅದರಲ್ಲಿ ಬರುತ್ತವೆ. ಹಾಗಂತ ಏನೂ ಆಗಿಲ್ಲ ಎಂಬಂತೆ ಬಿಡುವುದೂ ಸರಿಯಲ್ಲ, ಒಬ್ಬ ಹುಡುಗಿಯ ಊಟ ಹೋಗಿದೆ. ತಪ್ಪಿಗೆ ಸಂಬಂಧವೇ ಇಲ್ಲದ ನೋವು ಕೊಡುವ ಶಿಕ್ಷೆಯನ್ನೂ, ಹಾಳಾದದ್ದನ್ನು ಸರಿಪಡಿಸುವ ಶಿಕ್ಷೆಯನ್ನೂ ಪಿಯಾಜೆ ಬೇರೆ ಬೇರೆ ಮಾಡಿ ನೋಡಿದ್ದ. ದೊಡ್ಡ ಮಕ್ಕಳು ನ್ಯಾಯ ಎಂದು ಒಪ್ಪುವುದು ಎರಡನೆಯದನ್ನೇ. ಆದ್ದರಿಂದ ಹುಡುಗನನ್ನು ಒಬ್ಬನನ್ನೇ ಕರೆದು, ‘ಅಕಿಗೆ ಹೋದದ್ದು ಹೆಂಗ ತುಂಬಿಕೊಡ್ತಿ?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಮುಂದಿನ ಸಲದ ತನ್ನ ತತ್ತಿ ಅವಳಿಗೆ ಕೊಡುತ್ತೇನೆ ಎಂದು ಸಾಮಾನ್ಯವಾಗಿ ಅವನೇ ಹೇಳುತ್ತಾನೆ. ಅಷ್ಟು ಸಾಕು, ಎಲ್ಲರೆದುರು ಕ್ಷಮೆ ಕೇಳಿಸಬೇಡಿ.

ತಂಗಿಯ ಹಸಿವು ಮಾತ್ರ ಅವನ ಜವಾಬ್ದಾರಿಯಲ್ಲ. ನಾಲ್ಕು ವರ್ಷದ ಮಗು ಅಂಗನವಾಡಿಯಲ್ಲಿ ಇರಬೇಕು. ಅದೇ ವಾರ ಅಂಗನವಾಡಿ ಕಾರ್ಯಕರ್ತೆಯ ಜೊತೆ ಮನೆಗೆ ಹೋಗಿ, ಅವ್ವ ಕೂಲಿಯಿಂದ ಬರುವ ಹೊತ್ತು ನೋಡಿ, ಹೆಸರು ಹಚ್ಚಿಸಿ ಬನ್ನಿ.

ಉಳಿದದ್ದು ನಿಯಮ. ‘ಎಲ್ಲಾರಿಗೂ ಒಂದೊಂದು ಆದ ಮ್ಯಾಲ ಉಳಿದ್ರ ಏನು ಮಾಡಬೇಕು?’ ಎಂದು ಐದನೇ ತರಗತಿಯವರಿಗೇ ಕೇಳಿ, ಅವರು ಒಪ್ಪಿದ್ದನ್ನು ಅವರ ಕೈಯಿಂದಲೇ ಬರೆಸಿ ಅಡುಗೆಕೋಣೆಯ ಬಾಗಿಲಿಗೆ ಅಂಟಿಸಿ. ಹದಿನೈದು ದಿನದ ಮೇಲೆ ಮತ್ತೆ ಅವರ ಮುಂದಿಟ್ಟು ತಿದ್ದಲು ಬಿಡಿ, ಆ ಚರ್ಚೆಯಲ್ಲಿ ತತ್ತಿ ಸಿಗದೆ ಹೋದ ಮೂರನೇ ತರಗತಿಯ ಹುಡುಗಿಯನ್ನೂ ಕೂರಿಸಿಕೊಳ್ಳಿ.