ಡೆಂಗಿ ರಿಪೋರ್ಟ್‌ನಲ್ಲಿ ಐಜಿಎಂ, ಐಜಿಜಿ: ಓದುವುದು ಹೇಗೆ?

ಮಳೆಗಾಲ ಬಂತೆಂದರೆ ಕಲಬುರಗಿಯ ಲ್ಯಾಬ್‌ಗಳಲ್ಲಿ ಡೆಂಗಿ ಟೆಸ್ಟ್ ಮಾಡಿಸುವವರು ಜಾಸ್ತಿ. ಕೈಗೆ ಬರುವ ರಿಪೋರ್ಟ್‌ನಲ್ಲಿ ಸಾಮಾನ್ಯವಾಗಿ ಮೂರು ಸಾಲು: ಎನ್‌ಎಸ್‌-1, ಐಜಿಎಂ, ಐಜಿಜಿ. ಒಂದು ಪಾಸಿಟಿವ್, ಎರಡು ನೆಗೆಟಿವ್ ಇದ್ದರೆ ಲ್ಯಾಬ್‌ನವರೇ ತಪ್ಪು ಮಾಡಿದ್ದಾರೆ ಅನ್ನಿಸುತ್ತದೆ, ಅಲ್ವಾ? ಬಹಳ ಸಲ ತಪ್ಪೇನೂ ಇರುವುದಿಲ್ಲ.

ಮೊದಲು ದಿನ ಎಣಿಸಿ. ಜ್ವರ ಶುರುವಾದ ದಿನವೇ ಒಂದನೇ ದಿನ. ರಕ್ತ ಕೊಟ್ಟದ್ದು ಎಷ್ಟನೇ ದಿನ ಎಂದು ಗೊತ್ತಿಲ್ಲದೆ ಈ ಮೂರು ಸಾಲಿಗೆ ಅರ್ಥವೇ ಇಲ್ಲ.

ಆಳಂದದ ಒಬ್ಬ ಹುಡುಗನಿಗೆ ಸೋಮವಾರ ಜ್ವರ ಬಂತು, ಬುಧವಾರ ರಕ್ತ ಕೊಟ್ಟ ಎಂದಿಟ್ಟುಕೊಳ್ಳಿ. ಎನ್‌ಎಸ್‌-1 ಪಾಸಿಟಿವ್, ಉಳಿದೆರಡು ನೆಗೆಟಿವ್. ಎನ್‌ಎಸ್‌-1 ವೈರಸ್ಸಿನದೇ ಪ್ರೋಟೀನು. ಅದು ಮೊದಲ ದಿನದಿಂದಲೇ ರಕ್ತದಲ್ಲಿ ಸಿಗುತ್ತದೆ, ಸುಮಾರು ಐದು ದಿನದ ನಂತರ ಕಡಿಮೆಯಾಗುತ್ತಾ ಹೋಗುತ್ತದೆ. ಐಜಿಎಂ, ಐಜಿಜಿ ಹಾಗಲ್ಲ. ಅವು ನಮ್ಮ ದೇಹ ತಯಾರಿಸುವ ಪ್ರತಿಕಾಯಗಳು, ತಯಾರಾಗಲು ಸಮಯ ಬೇಕು. ಅದೇ ಹುಡುಗನನ್ನು ಮುಂದಿನ ಮಂಗಳವಾರ, ಅಂದರೆ ಒಂಬತ್ತನೇ ದಿನ, ಪರೀಕ್ಷಿಸಿದರೆ ಎನ್‌ಎಸ್‌-1 ಹೋಗಿ ಐಜಿಎಂ ಪಾಸಿಟಿವ್ ಆಗಿರುವ ಸಾಧ್ಯತೆಯೇ ಹೆಚ್ಚು.

ಮೊದಲು ಬರುವ ಐಜಿಎಂ ಗಾತ್ರದಲ್ಲಿ ದೊಡ್ಡದು. ಐದು ಜನ ಬೆನ್ನಿಗೆ ಬೆನ್ನು ಕೊಟ್ಟು ಹತ್ತು ಕೈ ಚಾಚಿ ನಿಂತಂತೆ ಅದರ ರಚನೆ. ಐಜಿಜಿಯದು ಒಂದೇ ಘಟಕ, ಎರಡೇ ಕೈ. ತೂಕದಲ್ಲಿ ಐಜಿಎಂ ಅದಕ್ಕಿಂತ ಸುಮಾರು ಆರು ಪಟ್ಟು. ಅವಸರದಲ್ಲಿ ತಯಾರಾದ ಐಜಿಎಂನ ಒಂದೊಂದು ಕೈಯ ಹಿಡಿತ ಸಡಿಲ, ಆದರೆ ಹತ್ತೂ ಸೇರಿದರೆ ವೈರಸ್ಸನ್ನು ಗಟ್ಟಿಯಾಗಿ ಹಿಡಿಯುತ್ತವೆ. ದೊಡ್ಡದಾದ್ದರಿಂದ ಅದು ಬಹುಪಾಲು ರಕ್ತದಲ್ಲೇ ಉಳಿಯುತ್ತದೆ. ಐಜಿಜಿ ನಿಧಾನವಾಗಿ ಬರುತ್ತದೆ, ಹಿಡಿತ ಪಕ್ಕಾ, ರಕ್ತನಾಳದಿಂದಾಚೆಗೂ ಹರಡುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ.

ಈಗ ಅದೇ ಮನೆಯ ಅಕ್ಕನ ರಿಪೋರ್ಟ್ ನೋಡಿ. ನಾಲ್ಕನೇ ದಿನ ಎನ್‌ಎಸ್‌-1 ನೆಗೆಟಿವ್, ಐಜಿಎಂ ನೆಗೆಟಿವ್, ಐಜಿಜಿ ಮಾತ್ರ ಪಾಸಿಟಿವ್. 'ಹಳೇದು ಬಿಡಿ' ಎಂದು ಮನೆಗೆ ಕಳಿಸುವುದು ಇಲ್ಲೇ. ಹಳೇದಿರಬಹುದು ನಿಜ. ಆದರೆ ಎರಡನೇ ಸಲ ಡೆಂಗಿ ಬಂದಾಗಲೂ ರಿಪೋರ್ಟ್ ಹೀಗೇ ಕಾಣಬಹುದು. ಹಳೆಯ ನೆನಪಿನ ಕೋಶಗಳು ಎಚ್ಚೆತ್ತು ಐಜಿಜಿಯನ್ನು ಕೆಲವೇ ದಿನಗಳಲ್ಲಿ ಏರಿಸುತ್ತವೆ, ಐಜಿಎಂ ಸ್ವಲ್ಪವೇ ಬರುತ್ತದೆ, ಕೆಲವರಲ್ಲಿ ಪತ್ತೆಯೇ ಆಗುವುದಿಲ್ಲ. ಖಚಿತಪಡಿಸಲು ಎರಡು ವಾರದ ಹೊತ್ತಿಗೆ ಇನ್ನೊಮ್ಮೆ ರಕ್ತ ತೆಗೆದು ಐಜಿಜಿ ಅಳೆಯಬೇಕು. ನಾಲ್ಕು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ ಇದು ಹೊಸ ಸೋಂಕು. ಅಲ್ಲಿಯವರೆಗೆ ವೈದ್ಯರು ಕಾಯುವುದಿಲ್ಲ, ಕಾಯಲೂಬಾರದು. ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ, ಪ್ಲೇಟ್‌ಲೆಟ್, ರಕ್ತ ಎಷ್ಟು ಮಂದವಾಗಿದೆ ಎಂಬುದನ್ನು ನೋಡಿ ಚಿಕಿತ್ಸೆ ನಡೆಯುತ್ತದೆ.

ಎರಡನೇ ಸಲದ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದರ ವಿರುದ್ಧ ತಯಾರಾದ ಐಜಿಜಿ ಇನ್ನೊಂದಕ್ಕೆ ಅಂಟುತ್ತದೆ, ಆದರೆ ಅದನ್ನು ನಿಷ್ಕ್ರಿಯ ಮಾಡದೇ ಇರಬಹುದು. ಹಾಗೆ ಅಂಟಿದ ವೈರಸ್ಸನ್ನು ಕೆಲವು ಬಿಳಿ ರಕ್ತಕಣಗಳು ಸುಲಭವಾಗಿ ಒಳಗೆ ಎಳೆದುಕೊಳ್ಳುತ್ತವೆ, ಅಲ್ಲೇ ವೈರಸ್ ಹೆಚ್ಚುತ್ತದೆ. ಕಾಯಬೇಕಾದ ಐಜಿಜಿಯೇ ಬಾಗಿಲು ತೆರೆದಂತಾಯಿತು. ಎರಡನೇ ಡೆಂಗಿ ತೀವ್ರವಾಗುವ ಅಪಾಯ ಹೆಚ್ಚಿರುವುದಕ್ಕೆ ಇದು ಮುಖ್ಯ ಕಾರಣ.

ಐಜಿಎಂ ಪಾಸಿಟಿವ್ ಇದ್ದರೂ ಒಂದು ಎಚ್ಚರ ಬೇಕು. ಅದು ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯಬಹುದು. ಆಗಸ್ಟ್‌ನ ಡೆಂಗಿಯ ಐಜಿಎಂ ಅಕ್ಟೋಬರ್‌ನ ಟೈಫಾಯ್ಡ್ ಜ್ವರದಲ್ಲೂ ಕಾಣಬಹುದು. ಮತ್ತೆ, ಕಾರ್ಡ್ ಟೆಸ್ಟ್ ಬೇಗ ಫಲಿತಾಂಶ ಕೊಡುತ್ತದೆ ನಿಜ, ಆದರೆ ಸರ್ಕಾರದ ಲೆಕ್ಕದಲ್ಲಿ ಡೆಂಗಿ ಖಚಿತವಾಗುವುದು ಎಲೈಸಾ ಪರೀಕ್ಷೆಯಿಂದ.

ಲಸಿಕೆಯಲ್ಲೂ ಇದೇ ಕ್ರಮ. ಗರ್ಭಿಣಿಗೆ ಕೊಡುವ ಟಿಡಿ ಚುಚ್ಚುಮದ್ದನ್ನೇ ನೋಡಿ. ಮೊದಲ ಡೋಸ್‌ಗೆ ಐಜಿಎಂ, ಆಮೇಲೆ ಅಷ್ಟಿಷ್ಟು ಐಜಿಜಿ. ನಾಲ್ಕು ವಾರದ ನಂತರ ಎರಡನೇ ಡೋಸ್ ಕೊಟ್ಟರೆ ಐಜಿಜಿ ಬೇಗನೆ, ಜೋರಾಗಿ ಏರುತ್ತದೆ. ಈ ಐಜಿಜಿ ಮಾಸು ದಾಟಿ ಮಗುವಿಗೆ ಸೇರಿ ನವಜಾತ ಶಿಶುವಿನ ಧನುರ್ವಾಯು ತಡೆಯುತ್ತದೆ. ಐಜಿಎಂ ದಾಟುವುದಿಲ್ಲ. ಗಾತ್ರವೊಂದೇ ಕಾರಣವಲ್ಲ, ಮಾಸಿನಲ್ಲಿ ಪ್ರತಿಕಾಯ ದಾಟಿಸುವ ಪ್ರೋಟೀನು ಐಜಿಜಿಯನ್ನಷ್ಟೇ ಹಿಡಿಯುತ್ತದೆ. ಹೀಗಾಗಿ ಹುಟ್ಟಿದ ಕೂಸಿನ ರಕ್ತದಲ್ಲಿ ಯಾವುದೋ ರೋಗದ ಐಜಿಎಂ ಸಿಕ್ಕರೆ, ಅದು ತಾಯಿಯದ್ದಲ್ಲ, ಕೂಸಿಗೇ ಸೋಂಕು ತಗುಲಿದೆ ಎಂದು ವೈದ್ಯರು ಅನುಮಾನಿಸುತ್ತಾರೆ.

ತಾಯಿಯ ಐಜಿಜಿ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಅದು ಇರುವಾಗಲೇ ದಡಾರದ ಲಸಿಕೆ ಹಾಕಿದರೆ ಲಸಿಕೆಯೊಳಗಿನ ದುರ್ಬಲ ವೈರಸ್ಸನ್ನೇ ಅದು ಹೊಡೆದುಹಾಕುತ್ತದೆ. ನಮ್ಮಲ್ಲಿ ಎಂಆರ್ ಲಸಿಕೆಯ ಮೊದಲ ಡೋಸ್‌ಗೆ ಒಂಬತ್ತು ತಿಂಗಳು ತುಂಬುವವರೆಗೆ ಕಾಯುವುದು ಇದಕ್ಕೇ.