ರಾತ್ರಿಯ ಜಿಮ್‌ಗೆ ಸಂಜೆ ಆರರ ಪುಟಾಣಿ

ದಾವಣಗೆರೆಯ ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ನನಗೆ ಜಿಮ್‌ಗೆ ಬಿಡುವಾಗುವುದು ರಾತ್ರಿ ಎಂಟೂವರೆಗೆ. ಮಧ್ಯಾಹ್ನದ ಊಟ ಎರಡಕ್ಕೆ, ರಾತ್ರಿಯದು ಹತ್ತೂಕಾಲಿಗೆ. ನಡುವೆ ಎಂಟು ಗಂಟೆ ಹೊಟ್ಟೆ ಖಾಲಿ. ಆದ್ದರಿಂದ ಸ್ನಾಯು ಬೆಳೆಸುವ ನನ್ನ ಯೋಜನೆಯನ್ನು ವ್ಯಾಯಾಮಗಳ ಪಟ್ಟಿಯಿಂದಲ್ಲ, ಈ ಅಂತರದಿಂದ ಆರಂಭಿಸಿದೆ.

ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಸೇವಿಸದಿದ್ದರೆ ಎಲ್ಲವೂ ವ್ಯರ್ಥ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲು ನೋಡಬೇಕಾದದ್ದು ಇಡೀ ದಿನದ ಮೊತ್ತ. ಆಮೇಲೆ ವ್ಯಾಯಾಮದ ಹಿಂದಿನ ಮತ್ತು ಮುಂದಿನ ಊಟಗಳ ನಡುವಿನ ಅಂತರ. ಅದು ನಾಲ್ಕೈದು ಗಂಟೆ ಮೀರದಿದ್ದರೆ ಸಾಕು. ನನ್ನ ತೂಕ 70 ಕಿಲೋ. ಕಿಲೋಗೆ 1.6 ಗ್ರಾಂನಂತೆ ದಿನಕ್ಕೆ 112 ಗ್ರಾಂ ಪ್ರೋಟೀನ್ ಬೇಕು. ಅದನ್ನು ನಾಲ್ಕು ಹೊತ್ತಿಗೆ ಹಂಚಿಕೊಂಡಿದ್ದೇನೆ.

ಬೆಳಿಗ್ಗೆ ಎಂಟಕ್ಕೆ 80 ಗ್ರಾಂ ಹೆಸರುಕಾಳು ರುಬ್ಬಿದ ದೋಸೆ, ಒಂದು ಲೋಟ ಹಾಲು. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಗಟ್ಟಿ ಬೇಳೆ, ಒಂದು ಬಟ್ಟಲು ಮೊಸರು. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಬೇಳೆ ಮತ್ತು ಮೊಸರು ತುಂಬಿಕೊಡುತ್ತವೆ. ಈ ಎರಡು ಹೊತ್ತಿನಲ್ಲಿ ಸುಮಾರು 53 ಗ್ರಾಂ ಸಿಗುತ್ತದೆ.

ಸಂಜೆ ಆರಕ್ಕೆ ಗಲ್ಲಾದ ಪಕ್ಕದಲ್ಲೇ 50 ಗ್ರಾಂ ಪುಟಾಣಿ, ಒಂದು ಹಿಡಿ ಮಂಡಕ್ಕಿ ಕಲಸಿಕೊಂಡು ತಿಂದು, ಮನೆಯಿಂದ ತಂದ 400 ಮಿ.ಲೀ. ಹಾಲು ಕುಡಿಯುತ್ತೇನೆ. ಅಲ್ಲಿಗೆ ಮತ್ತೆ 24 ಗ್ರಾಂ. ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬಜ್ಜಿ ಮಾತ್ರ ಬೇಡ. ಎಣ್ಣೆ ನಿಧಾನವಾಗಿ ಅರಗುವುದರಿಂದ ಭಾರ ಎತ್ತುವಾಗ ಹೊಟ್ಟೆ ತೊಳಸುತ್ತದೆ. ರಾತ್ರಿ ಒಣ ತೂಕದಲ್ಲಿ 50 ಗ್ರಾಂ ಸೋಯಾ ಚಂಕ್ಸ್‌ನ ಪಲ್ಯ, ಒಂದು ರೊಟ್ಟಿ, ಮೊಸರು: 36 ಗ್ರಾಂ. ನಾರು ಹೆಚ್ಚಿರುವ ಸೋಯಾವನ್ನು ವ್ಯಾಯಾಮಕ್ಕೆ ಮೊದಲು ತಿಂದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ, ಹಾಗಾಗಿ ಅದು ರಾತ್ರಿಗೇ ಮೀಸಲು.

ಸಂಜೆ ಆರರ ತಿಂಡಿಯ ಪರಿಣಾಮ ನನ್ನ ನೋಟ್‌ಬುಕ್‌ನಲ್ಲಿ ಕಾಣುತ್ತದೆ. ಖಾಲಿ ಹೊಟ್ಟೆಯಲ್ಲಿ 60 ಕಿಲೋ ಬೆಂಚ್ ಪ್ರೆಸ್‌ನ ಮೂರು ಸೆಟ್‌ಗಳಲ್ಲಿ ಎತ್ತುವ ಸಂಖ್ಯೆ 8, 6, 4 ಎಂದು ಇಳಿಯುತ್ತಿತ್ತು. ಈಗ 8, 8, 7. ಆದರೆ ಅದೇ ರಾತ್ರಿ ಕಾಣುವ ಈ ಬಲ ಮುಖ್ಯವಾಗಿ ಮಂಡಕ್ಕಿ, ಪುಟಾಣಿಯ ಪಿಷ್ಟದ್ದು. ಪ್ರೋಟೀನಿನ ಕೆಲಸ ತಿಳಿಯಬೇಕಾದರೆ ತಿಂಗಳುಗಟ್ಟಲೆ ತೂಕ, ತೋಳಿನ ಸುತ್ತಳತೆ ಮತ್ತು ಎತ್ತುವ ಭಾರವನ್ನು ಒಟ್ಟಿಗೆ ನೋಡಬೇಕು.

ವಾರದ ದಿನಗಳಲ್ಲಿ ಎದೆ, ಬೆನ್ನು, ಭುಜ. ಹೊಟ್ಟೆಯ ಮೇಲೆ ಹೆಚ್ಚು ಒತ್ತಡ ಬೀಳುವ ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್ ಅನ್ನು ವಾರದ ರಜೆಗೆ ಇಟ್ಟಿದ್ದೇನೆ: ಎಂಟಕ್ಕೆ ತಿಂಡಿ, ಹನ್ನೊಂದಕ್ಕೆ ಜಿಮ್, ಒಂದಕ್ಕೆ ಊಟ. ಬೆಣ್ಣೆ ದೋಸೆಯ ಆಸೆಯಾದರೆ ಅದೂ ಆ ಊಟದ ಹೊತ್ತಿಗೇ, ಜೊತೆಗೆ 100 ಗ್ರಾಂ ಪನೀರ್. ದೋಸೆಯೊಂದರಲ್ಲೇ ಪ್ರೋಟೀನ್ ಸಾಲದು. ಶ್ರಾವಣ ಸೋಮವಾರ ರಾತ್ರಿಯವರೆಗೆ ಉಪವಾಸವಿದ್ದಾಗ ಭಾರ ಎತ್ತುವುದಿಲ್ಲ, ಆ ದಿನದ ವ್ಯಾಯಾಮವನ್ನು ಮಂಗಳವಾರಕ್ಕೆ ಸರಿಸುತ್ತೇನೆ.