ಹೆಸರು ಕೊನೆಗೆ ಬರಲಿ: ಅತಿಥಿ ಭಾಷಣಕಾರರನ್ನು ಪರಿಚಯಿಸುವ ಒಂದೂವರೆ ನಿಮಿಷ

ನಮ್ಮ ಊರಿನ ಸಿವಿಲ್ ಎಂಜಿನಿಯರುಗಳ ತಿಂಗಳ ಸಭೆಯಲ್ಲಿ ಅತಿಥಿಗಳನ್ನು ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಮೂವತ್ತು ನಲವತ್ತು ಜನ ಸೈಟಿನಿಂದ ನೇರವಾಗಿ ಬಂದು ಕುಳಿತಿರುತ್ತಾರೆ. ಸ್ವಾಗತ ಒಬ್ಬರದು, ವಂದನಾರ್ಪಣೆ ಇನ್ನೊಬ್ಬರದು, ನಡುವೆ ನನ್ನದು ಪರಿಚಯ. ಈ ಮೂರನ್ನೂ ಒಬ್ಬರೇ ಮಾಡುವ ಸಭೆಗಳಲ್ಲೂ ಪರಿಚಯದ ಮಾತನ್ನು ಬೇರೆಯಾಗಿಯೇ ಬರೆದುಕೊಳ್ಳುವುದು ಒಳ್ಳೆಯದು. ಸ್ವಾಗತಕ್ಕೆ ಬಂದವರ ಪಟ್ಟಿ ಬೇಕು. ಪರಿಚಯಕ್ಕೆ ಬೇಕಾದದ್ದು ಒಂದೇ: ಈ ವಿಷಯದ ಮೇಲೆ ಈ ಮನುಷ್ಯ ಹೇಳುವುದನ್ನು ನಾವು ಯಾಕೆ ಕೇಳಬೇಕು ಅನ್ನುವುದು.

ಮೊದಲು ಅಳತೆ. ವೇದಿಕೆಯ ಮೇಲೆ, ಹಿಂದಿನ ಸಾಲಿಗೂ ಕೇಳುವಂತೆ ಮಾತನಾಡುವಾಗ ಕನ್ನಡದಲ್ಲಿ ನಿಮಿಷಕ್ಕೆ ಸುಮಾರು 80ರಿಂದ 90 ಪದ ಸಾಗುತ್ತದೆ. ಇಂಗ್ಲಿಷ್ ಭಾಷಣದ ಲೆಕ್ಕ ಹಿಡಿದು ನಿಮಿಷಕ್ಕೆ 130 ಪದ ಬರೆದುಕೊಂಡರೆ ಒಂದೂವರೆ ನಿಮಿಷದ ಮಾತು ಎರಡೂಕಾಲು ನಿಮಿಷ ದಾಟುತ್ತದೆ. ವಿಭಕ್ತಿ, ಸಂಧಿ ಎಲ್ಲ ಅಂಟಿಕೊಂಡು ನಮ್ಮ ಪದಗಳೇ ಉದ್ದ. ಹಾಗಾಗಿ ನಾನು 110 ಪದಕ್ಕೆ ನಿಲ್ಲಿಸುತ್ತೇನೆ. ಉಳಿದ ಹತ್ತು ಹದಿನೈದು ಸೆಕೆಂಡು ನಡುವಿನ ತಡೆಗೆ, ಚಪ್ಪಾಳೆಗೆ ಬೇಕು.

ಅತಿಥಿಗಳಿಂದ ಬರುವುದು ಸಾಮಾನ್ಯವಾಗಿ ಎರಡು ಪುಟದ ಬಯೋಡಾಟಾ. ಅದನ್ನು ಓದಿಕೊಳ್ಳುತ್ತೇನೆ, ಆದರೆ ಅದರಿಂದ ಪರಿಚಯ ಬರೆಯುವುದಿಲ್ಲ. ಅದು ಕೆಲಸಕ್ಕೋ ಟೆಂಡರಿಗೋ ಸಿದ್ಧಪಡಿಸಿದ ಕಾಗದ. ಅದರಲ್ಲಿ ಇವತ್ತಿನ ವಿಷಯ ಯಾವುದೋ ಮೂಲೆಯಲ್ಲಿ ಅರ್ಧ ಸಾಲಾಗಿ ಕೂತಿರುತ್ತದೆ. ಸಭೆಗೆ ಮೂರು ನಾಲ್ಕು ದಿನ ಇರುವಾಗ ಹತ್ತು ನಿಮಿಷ ಫೋನ್ ಮಾಡುತ್ತೇನೆ. ಕೇಳುವುದು ನಾಲ್ಕೇ ವಿಷಯ. ಈ ವಿಷಯದಲ್ಲಿ ನೀವೇ ಕೈಯಾರೆ ಮಾಡಿದ ಒಂದು ಕೆಲಸ ಹೇಳಿ. ನಿಮ್ಮ ಈಗಿನ ಹುದ್ದೆಯನ್ನು ಹೇಗೆ ಹೇಳಬೇಕು? ಯಾವುದನ್ನು ಹೇಳಬಾರದು? ಪ್ರಶ್ನೆಗಳು ನಡುವೆಯೋ ಕೊನೆಗೋ?

ಮೂರನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಹಳೆಯ ಕಂಪನಿಯ ಹೆಸರು, ನಡೆಯುತ್ತಿರುವ ಒಂದು ಪ್ರಾಜೆಕ್ಟಿನ ಹೆಸರು, ವಿವಾದಕ್ಕೆ ಬಿದ್ದ ಕಟ್ಟಡ, ಇಂಥವು ಅತಿಥಿಗಳಿಗೆ ಇರುಸುಮುರುಸು. ಸರ್ಕಾರಿ ಇಲಾಖೆಯಿಂದ ಬಂದವರಾದರೆ ಅವರು ಇಲಾಖೆಯ ಪರವಾಗಿ ಮಾತನಾಡುತ್ತಿದ್ದಾರೋ ಸ್ವಂತ ಅಭಿಪ್ರಾಯವೋ ಎಂಬುದನ್ನೂ ಕೇಳಿಕೊಳ್ಳುತ್ತೇನೆ. ಸ್ವಂತದ್ದಾದರೆ ಆ ಮಾತನ್ನು ಪರಿಚಯದಲ್ಲೇ ಹೇಳಿಬಿಟ್ಟರೆ ಅವರಿಗೆ ಹಗುರ.

ಹೆಸರಿನ ವಿಚಾರಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು. ಬಯೋಡಾಟಾ ಇಂಗ್ಲಿಷಿನಲ್ಲಿರುತ್ತದೆ. ಇಂಗ್ಲಿಷಿಗೆ ಲ, ಳ ಒಂದೇ. ನ, ಣ ಒಂದೇ. ದ ಯಾವುದು, ಡ ಯಾವುದು ಗೊತ್ತಾಗುವುದಿಲ್ಲ. ಹ್ರಸ್ವ ದೀರ್ಘ ಕೇಳುವುದೇ ಬೇಡ. ಅಕ್ಷರ ನೋಡಿ ಓದಿದರೆ ಹಳ್ಳಿ ಹಲ್ಲಿಯಾಗುತ್ತದೆ. ನಮ್ಮಲ್ಲಿ ಬಹಳ ಜನರ ಹೆಸರಿನಲ್ಲಿ ಊರಿನ ಹೆಸರೂ ಸೇರಿರುವುದರಿಂದ ಇದು ಸಣ್ಣ ತಪ್ಪಲ್ಲ. ಆ ಊರಿನವರು ಯಾರಾದರೂ ಸಭೆಯಲ್ಲಿದ್ದರೆ ಅಲ್ಲೇ ನಗು ಶುರು. ಆದ್ದರಿಂದ ಅತಿಥಿಗಳಿಗೆ ಒಂದು ವಾಟ್ಸ್ಯಾಪ್ ಸಂದೇಶ ಕಳಿಸುತ್ತೇನೆ: ‘ಸರ್, ನಿಮ್ಮ ಪೂರ್ತಿ ಹೆಸರನ್ನು ನೀವು ಹೇಳುವ ಹಾಗೆ ಒಂದು ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸುತ್ತೀರಾ?’ ಅದನ್ನು ಕೇಳಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಇನಿಷಿಯಲ್ ಹೆಸರಿನ ಮುಂದೋ ಹಿಂದೋ ಅನ್ನುವುದೂ ಅದರಲ್ಲೇ ತಿಳಿಯುತ್ತದೆ.

ಇನ್ನು ಬರೆಯುವುದು. ಮೊದಲು ಕುಳಿತವರಿಗೆ ಗೊತ್ತಿರುವ ಒಂದು ತೊಂದರೆ, ಆಮೇಲೆ ಅತಿಥಿ ಆ ತೊಂದರೆಯ ಮೇಲೆ ಮಾಡಿದ ಒಂದು ಕೆಲಸ, ಕೊನೆಗೆ ವಿಷಯದ ಶೀರ್ಷಿಕೆ, ಅದರ ಬೆನ್ನಿಗೇ ಹೆಸರು. ಉದಾಹರಣೆಗೆ, ರೆಡಿಮಿಕ್ಸ್ ಘಟಕವೊಂದರ ಗುಣಮಟ್ಟ ವಿಭಾಗದ ಎಂಜಿನಿಯರೊಬ್ಬರು ಬೇಸಿಗೆಯ ಸ್ಲ್ಯಾಬಿನ ಬಗ್ಗೆ ಮಾತನಾಡಲು ಬರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ನಾನಾದರೆ ಹೀಗೆ ಬರೆಯುತ್ತೇನೆ:

‘ಎಲ್ಲರಿಗೂ ನಮಸ್ಕಾರ. ಏಪ್ರಿಲ್ ತಿಂಗಳು. ಬೆಳಿಗ್ಗೆ ಹತ್ತಕ್ಕೆ ಕಾಂಕ್ರೀಟು ಶುರು ಮಾಡಿ ಮಧ್ಯಾಹ್ನ ಎರಡಕ್ಕೆ ಸ್ಲ್ಯಾಬ್ ಮುಗಿಸುತ್ತೀರಿ. ಸಂಜೆ ಮೇಲೆ ಹತ್ತಿ ನೋಡಿದರೆ ಆಗಲೇ ಬಿರುಕು. ಮೇಸ್ತ್ರಿ ಸಿಮೆಂಟೇ ಸರಿಯಿಲ್ಲ ಅನ್ನುತ್ತಾರೆ. ಸಿಮೆಂಟಿನವರು ನೀರು ಜಾಸ್ತಿ ಹಾಕಿದ್ದೀರಿ ಅನ್ನುತ್ತಾರೆ. ಮನೆಯ ಯಜಮಾನರು ಮಾತಾಡದೆ ನಮ್ಮನ್ನೇ ನೋಡುತ್ತಾರೆ. ಆ ನಾಲ್ಕಾರು ಗಂಟೆಯಲ್ಲಿ ಸ್ಲ್ಯಾಬಿನ ಮೇಲೆ ಏನಾಯಿತು ಅನ್ನುವುದನ್ನು ಇವತ್ತಿನ ಅತಿಥಿಗಳು ಅಳೆದು ನೋಡಿದ್ದಾರೆ. ಹನ್ನೊಂದು ವರ್ಷದಿಂದ ರೆಡಿಮಿಕ್ಸ್ ಘಟಕದ ಗುಣಮಟ್ಟ ವಿಭಾಗದಲ್ಲಿದ್ದಾರೆ. ಕಳೆದ ಎರಡು ಬೇಸಿಗೆ, ಸೈಟಿಗೆ ಬಂದ ಒಂದೊಂದು ಲಾರಿಯ ಕಾಂಕ್ರೀಟಿಗೂ ಥರ್ಮಾಮೀಟರ್ ಇಟ್ಟು ಉಷ್ಣಾಂಶ ಬರೆದಿಟ್ಟಿದ್ದಾರೆ. ಆ ಪುಸ್ತಕ ಇವತ್ತು ಅವರ ಕೈಯಲ್ಲಿದೆ. ಮಾತು ನಲವತ್ತು ನಿಮಿಷ, ಪ್ರಶ್ನೆಗಳು ಕೊನೆಗೆ. “ಬೇಸಿಗೆಯ ಸ್ಲ್ಯಾಬ್: ಮೊದಲ ಆರು ಗಂಟೆ.” ಮಾತನಾಡುವವರು, ಶ್ರೀಮತಿ…’

ಆ ಚುಕ್ಕಿಗಳ ಜಾಗದಲ್ಲಿ ಹೆಸರು. ಹೆಸರಾದ ಮೇಲೆ ಒಂದೇ ಒಂದು ಪದವೂ ಇಲ್ಲ. ‘ಇವರನ್ನು ಚಪ್ಪಾಳೆಯೊಂದಿಗೆ ಬರಮಾಡಿಕೊಳ್ಳೋಣ’ ಎಂದು ಮುಂದುವರಿಸಿದರೆ ಅಷ್ಟರಲ್ಲಿ ಎದ್ದ ಚಪ್ಪಾಳೆ ಅರ್ಧಕ್ಕೆ ನಿಂತು, ಮತ್ತೆ ಶುರುವಾಗಿ, ಅತಿಥಿಗಳು ಏಳಬೇಕೋ ಕೂರಬೇಕೋ ತಿಳಿಯದೆ ಕುರ್ಚಿಯ ಅಂಚಿಗೆ ಬಂದು ನಿಲ್ಲುತ್ತಾರೆ.

ಹೆಸರನ್ನು ಕೊನೆಗಿಡಲು ಕನ್ನಡದ ವಾಕ್ಯವೇ ನೆರವಾಗುತ್ತದೆ. ‘ಬರೆದಿಟ್ಟವರು ಇವರು’ ಎಂದು ಹೇಳುವಾಗ ಕೆಲಸ ಮೊದಲು, ಮನುಷ್ಯ ಆಮೇಲೆ. ಅದು ನಮ್ಮ ಮಾತಿನ ಸಹಜ ನಡೆ. ಆದರೆ ಇದೇ ಅನುಕೂಲ ಬಲೆಯೂ ಹೌದು. ‘ದಾವಣಗೆರೆಯಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಎಂಟು ವರ್ಷ ಸೇತುವೆಗಳ ಕೆಲಸ ನೋಡಿಕೊಂಡು, ಆಮೇಲೆ ರೆಡಿಮಿಕ್ಸ್ ಕಡೆಗೆ ಬಂದು, ಈಗ ಗುಣಮಟ್ಟ ವಿಭಾಗದ ಮುಖ್ಯಸ್ಥರಾಗಿರುವ…’ ಎಂದು ಪೋಣಿಸುತ್ತಾ ಹೋದರೆ ಕಾಗದದ ಮೇಲೆ ವ್ಯಾಕರಣ ಸರಿ, ಕಿವಿಗೆ ಮಾತ್ರ ಉಸಿರುಗಟ್ಟುತ್ತದೆ. ಹೆಸರಿನ ಹಿಂದೆ ಎರಡಕ್ಕಿಂತ ಹೆಚ್ಚು ‘-ಇ, -ದು, -ಗಿ’ಗಳು ಬಂದವೆಂದರೆ ವಾಕ್ಯವನ್ನು ಒಡೆಯುತ್ತೇನೆ. ಮಾದರಿಯಲ್ಲಿ ವಾಕ್ಯಗಳು ತುಂಡು ತುಂಡಾಗಿರುವುದು ಅದಕ್ಕೇ.

ಮಾದರಿಯಲ್ಲಿ ಬಿಟ್ಟದ್ದನ್ನೂ ನೋಡಿ. ಓದಿದ ಕಾಲೇಜು, ಪ್ರಶಸ್ತಿ, ಸದಸ್ಯತ್ವ ಯಾವುದೂ ಇಲ್ಲ. ಅವನ್ನು ಆಹ್ವಾನದ ಸಂದೇಶದಲ್ಲಿ ಹಾಕಿದರೆ ಸಾಕು. ಅದಕ್ಕಿಂತ ಮುಖ್ಯವಾಗಿ, ಬಿರುಕು ಯಾಕೆ ಬಂತು ಅನ್ನುವ ಉತ್ತರ ಇಲ್ಲ. ಪರಿಚಯಿಸುವವರೂ ಅದೇ ಕಸುಬಿನವರಾದಾಗ ಇಲ್ಲೇ ಎಡವುವುದು. ಗಟ್ಟಿಯಾಗದ ಕಾಂಕ್ರೀಟಿನ ಮೈಯಿಂದ ನೀರು ಆವಿಯಾಗುವ ವೇಗ, ಒಳಗಿನಿಂದ ನೀರು ಮೇಲೆ ಬರುವ ವೇಗವನ್ನು ಮೀರಿದರೆ ಮೇಲ್ಮೈ ಕುಗ್ಗಿ ಬಿರಿಯುತ್ತದೆ ಎಂದು ನನಗೂ ಗೊತ್ತು. ಒಣ ಬಿಸಿಲಿನಲ್ಲಿ ಕನಿಷ್ಠ 10 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಾದರೆ 14 ದಿನ ಕ್ಯೂರಿಂಗ್ ಎಂದು ಐಎಸ್ 456 ಹೇಳುವುದೂ ಗೊತ್ತು. ಆ ಎರಡು ವಾಕ್ಯ ನಾನು ಹೇಳಿಬಿಟ್ಟರೆ ಅತಿಥಿಗಳ ಮೊದಲ ಮೂರು ಸ್ಲೈಡು ಹಳಸಲಾಗುತ್ತವೆ. ನನ್ನ ಕರಡಿನಲ್ಲಿ ‘ಏಕೆಂದರೆ’ ಅನ್ನುವ ಪದ ಬಂದಿದ್ದರೆ ಅಲ್ಲಿ ಉತ್ತರ ನುಸುಳಿದೆ ಎಂದೇ ಅರ್ಥ. ಹೊಡೆದು ಹಾಕುತ್ತೇನೆ.

‘ಇವರಿಗೆ ಪರಿಚಯದ ಅಗತ್ಯವೇ ಇಲ್ಲ’, ‘ಇವರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ’ ಎಂಬ ಮಾತುಗಳೂ ಬೇಡ. ಮೊದಲನೆಯದನ್ನು ಹೇಳಿದವರು ಆಮೇಲೆ ಐದು ನಿಮಿಷ ಪರಿಚಯಿಸುತ್ತಾರೆ! ‘ರಾಜ್ಯದಲ್ಲೇ ಮೊದಲಿಗರು’ ಎಂಬಂಥದ್ದನ್ನು ಅತಿಥಿಗಳೇ ಬಾಯಿಬಿಟ್ಟು ಹೇಳಿರದಿದ್ದರೆ ಮುಟ್ಟುವುದಿಲ್ಲ. ಪ್ರಾಮಾಣಿಕ ಅತಿಥಿ ಮೊದಲ ನಿಮಿಷವನ್ನು ಅದನ್ನು ತಿದ್ದುವುದರಲ್ಲೇ ಕಳೆಯುತ್ತಾರೆ. ಬರೆದದ್ದನ್ನು ಹಿಂದಿನ ದಿನ ಅವರಿಗೆ ಕಳಿಸಿ ಒಪ್ಪಿಗೆ ಪಡೆಯುತ್ತೇನೆ. ಮುಖ್ಯವಾಗಿ ವರ್ಷ, ಹುದ್ದೆ, ಶೀರ್ಷಿಕೆ. ಶೀರ್ಷಿಕೆ ಅವರ ಮೊದಲ ಸ್ಲೈಡಿನಲ್ಲಿ ಇರುವಂತೆಯೇ ಇರಬೇಕು. ನಾನು ಒಂದು ಹೇಳಿ ಪರದೆಯ ಮೇಲೆ ಇನ್ನೊಂದು ಬಂದರೆ ಜನ ಯಾವುದೋ ಬೇರೆ ಕಾರ್ಯಕ್ರಮಕ್ಕೆ ಬಂದೆವೇನೋ ಎಂದು ಮುಖ ಮುಖ ನೋಡುತ್ತಾರೆ.

ಪೋಸ್ಟ್‌ಕಾರ್ಡ್ ಅಳತೆಯ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ. ಪೂರ್ತಿ ವಾಕ್ಯಗಳಾಗಿ ಬರೆಯುವುದು ಮೊದಲನೆಯದು ಮತ್ತು ಕೊನೆಯ ಎರಡು. ನಡುವಿನದಕ್ಕೆ ಸುಳಿವು ಪದಗಳು ಸಾಕು. ಮೊಬೈಲ್ ನೋಡಿ ಓದುವುದು ಬೇಡ. ನಡುವೆ ಪರದೆ ಆರುತ್ತದೆ, ಇಲ್ಲವೇ ಸರಿಯಾಗಿ ಹೆಸರು ಹೇಳುವ ಹೊತ್ತಿಗೇ ಕರೆ ಬರುತ್ತದೆ. ಕಾರ್ಡಿನ ಹಿಂಬದಿಯಲ್ಲಿ ಇಪ್ಪತ್ತು ಸೆಕೆಂಡಿನ ಇನ್ನೊಂದು ಪಾಠ ಇರುತ್ತದೆ: ತೊಂದರೆ ಒಂದು ವಾಕ್ಯ, ಲಾರಿಯ ಉಷ್ಣಾಂಶದ ವಾಕ್ಯ, ಶೀರ್ಷಿಕೆ, ಹೆಸರು. ಸಭೆ ಅರ್ಧ ಗಂಟೆ ತಡವಾಗಿ ಶುರುವಾದ ದಿನ ಅದನ್ನೇ ತಿರುಗಿಸಿ ಹಿಡಿಯುವುದು. ನಿಂತಲ್ಲೇ ಏನು ಬಿಡಲಿ ಎಂದು ಯೋಚಿಸಿದರೆ ಬಿಡಬೇಕಾದದ್ದು ಉಳಿದು ಉಳಿಯಬೇಕಾದದ್ದು ಹೋಗುತ್ತದೆ.

ಎದ್ದು ನಿಲ್ಲುವ ಮೊದಲು ಲ್ಯಾಪ್‌ಟಾಪಿನಿಂದ ಪರದೆಗೆ ಚಿತ್ರ ಬಂದಿದೆಯೇ ನೋಡುತ್ತೇನೆ. ಬಂದಿಲ್ಲದಿದ್ದರೆ ಪರಿಚಯ ಶುರು ಮಾಡುವುದಿಲ್ಲ. ಮುಂದಿನ ಸಭೆಯ ದಿನಾಂಕ, ಊಟದ ವಿವರ, ಇಂಥ ಪ್ರಕಟಣೆಗಳನ್ನು ಆ ಹೊತ್ತಿಗೆಂದೇ ಉಳಿಸಿಕೊಂಡಿರುತ್ತೇನೆ. ಪರಿಚಯ ಮುಗಿದ ಮೇಲೆ ಕೇಬಲ್ ಹುಡುಕುವಂತಾದರೆ ಹೇಳಿದ್ದೆಲ್ಲ ಆರಿಹೋಗುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಭಾಷಣ ಮುಗಿದ ಮೇಲೆಯೇ ಆಗಲಿ ಎಂದು ಸಂಘಟಕರಿಗೆ ಮೊದಲೇ ಹೇಳಿರುತ್ತೇನೆ. ಮುಂಚೆಯೇ ಮಾಡಿದರೆ ಮಾತು ಶುರು ಮಾಡಬೇಕಾದವರು ಬುಟ್ಟಿ ಎಲ್ಲಿಡುವುದು ಎಂದು ಸುತ್ತ ನೋಡುತ್ತಿರುತ್ತಾರೆ.

ಹೆಸರು ಹೇಳುವಾಗ ಅತಿಥಿಗಳ ಕಡೆ ತಿರುಗಬೇಕು ಅನ್ನಿಸುವುದು ಸಹಜ. ಆದರೆ ಮೈಕು ಸ್ಟ್ಯಾಂಡಿನಲ್ಲಿ ನೇರ ಮುಂದಿದೆ. ಕತ್ತು ತಿರುಗಿದ ಕೂಡಲೇ ಬಾಯಿ ಅದರಿಂದ ಸರಿದು, ಇಡೀ ಮಾತಿನಲ್ಲಿ ಕೇಳಲೇಬೇಕಾದ ಒಂದು ಪದವೇ ಮಂಕಾಗುತ್ತದೆ. ಸಭೆಯನ್ನು ನೋಡುತ್ತಲೇ ಹೆಸರನ್ನು ಪೂರ್ತಿ ಹೇಳಿ, ಆಮೇಲೆ ತಿರುಗಿ, ನಾನೇ ಮೊದಲ ಚಪ್ಪಾಳೆ ತಟ್ಟುತ್ತೇನೆ. ಕೈಯಲ್ಲಿ ಹಿಡಿಯುವ ಮೈಕಾದರೆ ಚಪ್ಪಾಳೆ ತಟ್ಟಲಾಗುವುದಿಲ್ಲ, ಆದ್ದರಿಂದ ಮುಂದಿನ ಸಾಲಿನ ಒಬ್ಬ ಗೆಳೆಯರಿಗೆ ಆ ಕೆಲಸ ಹೇಳಿಟ್ಟಿರುತ್ತೇನೆ. ಅತಿಥಿಗಳು ಮೈಕಿನ ಬಳಿ ಬರುವವರೆಗೂ ಅಲ್ಲಿಯೇ ನಿಂತು, ಅವರು ಬಂದ ದಾರಿಗೆ ಅಡ್ಡವಾಗದಂತೆ ಇನ್ನೊಂದು ಬದಿಯಿಂದ ಇಳಿಯುತ್ತೇನೆ.

ಅತಿಥಿಗಳಿಗೆ ಕನ್ನಡ ಬರದಿದ್ದರೆ ಒಂದು ಬದಲಾವಣೆ ಬೇಕು. ಪರಿಚಯ ಕನ್ನಡದಲ್ಲೇ ಇರಲಿ, ಶೀರ್ಷಿಕೆ ಮತ್ತು ಅವರನ್ನು ಕರೆಯುವ ಕೊನೆಯ ವಾಕ್ಯವನ್ನು ಮಾತ್ರ ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳುತ್ತೇನೆ. ಇಲ್ಲವಾದರೆ ತಮ್ಮ ಹೆಸರು ಕಿವಿಗೆ ಬಿದ್ದರೂ ಹೊಗಳುತ್ತಿದ್ದಾರೋ ಕರೆಯುತ್ತಿದ್ದಾರೋ ಗೊತ್ತಾಗದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಅವರೂ ಕೂತಲ್ಲೇ ನಗುತ್ತಾ ಚಪ್ಪಾಳೆ ತಟ್ಟುತ್ತಿರುತ್ತಾರೆ.